ಒಂಬತ್ತನೆಯ ಕರೆ: ಪ್ಯಾಕೆಟ್‌ಗೆ ಗುರುತೋ, ಹರಿವಿಗೆ ಮೀಸಲೋ?



ಹಲವು ವರ್ಷಗಳ ಹಿಂದೆ ನಾನು ಒಂದು ಸಗಟು ವ್ಯಾಪಾರದ ಕಂಪನಿಯ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆ. ಕಂಪನಿಯ ಹೆಸರು ಇಲ್ಲಿ ಬೇಡ. ಬೆಂಗಳೂರಿನಲ್ಲಿ ಮುಖ್ಯ ಕಚೇರಿ, ಹುಬ್ಬಳ್ಳಿಯಲ್ಲಿ ಗೋದಾಮು, ಎರಡರ ನಡುವೆ 2 ಎಂಬಿಪಿಎಸ್‌ನ ಒಂದು ಲೀಸ್ಡ್ ಲೈನ್. ಅದೇ ಲೈನಿನ ಮೇಲೆ ಲೆಕ್ಕಪತ್ರ, ಇಮೇಲ್, ಫೈಲುಗಳ ಬ್ಯಾಕಪ್, ಜೊತೆಗೆ ಐಪಿ ಫೋನಿನ ಕರೆಗಳು. ಒಂದು ದಿನ ಗೋದಾಮಿನ ಮ್ಯಾನೇಜರ್ ಫೋನ್ ಮಾಡಿದರು. "ಸರ್, ಮುಂಜಾನೆ ಹನ್ನೊಂದರ ಸುಮಾರಿಗೆ ಮಾತು ಕಟ್ ಕಟ್ ಆಗಿ ಬರ್ತಾವ್ರೀ. ಸಂಜೀಕ ಏನೂ ತ್ರಾಸಿಲ್ಲ."

ನಾನು ಧ್ವನಿಯ ಪ್ಯಾಕೆಟ್‌ಗಳಿಗೆಲ್ಲ ಅತ್ಯುನ್ನತ ಆದ್ಯತೆಯ ಗುರುತು ಹಾಕಿಸಿದ್ದೆ. ಎರಡೂ ಊರಿನ ರೂಟರ್‌ಗಳು ಆ ಗುರುತನ್ನು ನೋಡಿ ಧ್ವನಿಯನ್ನು ಮುಂದೆ ಬಿಡುತ್ತಿದ್ದವು. ಎಲ್ಲವೂ ಪುಸ್ತಕದಲ್ಲಿರುವಂತೆಯೇ ಇತ್ತು. ಆದರೂ ಹನ್ನೊಂದು ಗಂಟೆಗೆ ಮಾತು ಹರಿದುಹೋಗುತ್ತಿತ್ತು. ಬ್ಯಾಕಪ್ ನಿಲ್ಲಿಸಿದರೆ ಸರಿಹೋಗುತ್ತಿತ್ತು. ಆದ್ದರಿಂದ ತಪ್ಪು ಬ್ಯಾಕಪ್‌ನದೇ ಎಂದು ಎಲ್ಲರೂ ತೀರ್ಮಾನಿಸಿದರು. ನಾನೂ ಎರಡು ವಾರ ಹಾಗೆಯೇ ನಂಬಿದ್ದೆ. ಆ ನಂಬಿಕೆ ಯಾಕೆ ತಪ್ಪಾಗಿತ್ತು ಎಂಬುದೇ ಇಂದಿನ ನನ್ನ ಉಪನ್ಯಾಸ.

ಸೇವೆಯ ಗುಣಮಟ್ಟವನ್ನು ಕಾಯಲು ಇಂಟರ್‌ನೆಟ್ಟಿನಲ್ಲಿ ಎರಡು ದಾರಿಗಳು ಹುಟ್ಟಿದವು. ಒಂದು ಪ್ರತಿ ಹರಿವಿಗೂ ಮೊದಲೇ ಜಾಗ ಮೀಸಲಿಡುವ ದಾರಿ. ಇನ್ನೊಂದು ಪ್ರತಿ ಪ್ಯಾಕೆಟ್‌ಗೂ ಒಂದು ಗುರುತು ಹಚ್ಚಿ, ಆ ಗುರುತನ್ನು ನೋಡಿ ಹೇಗೆ ನಡೆದುಕೊಳ್ಳಬೇಕೆಂದು ಪ್ರತಿ ರೂಟರ್‌ಗೂ ಹೇಳಿಕೊಡುವ ದಾರಿ. ನಮ್ಮ ಸಾರಿಗೆ ಬಸ್ಸುಗಳಲ್ಲಿ ಎರಡೂ ಇವೆ. ದೂರದ ಊರಿನ ಬಸ್ಸಿಗೆ ಮುಂಗಡ ಬುಕಿಂಗ್ ಮಾಡಿಸಿದರೆ 14ನೇ ಸೀಟು ನಿಮ್ಮದು. ಸೀಟು ಮುಗಿದಿದ್ದರೆ ಕೌಂಟರಿನಲ್ಲೇ "ಇಲ್ಲ" ಎನ್ನುತ್ತಾರೆ. ಸಿಟಿ ಬಸ್ಸಿನಲ್ಲಿ ಸೀಟಿನ ಮೇಲೆ "ಹಿರಿಯ ನಾಗರಿಕರಿಗೆ" ಎಂದು ಬರೆದಿರುತ್ತದೆ. ಅದು ಗುರುತು. ನಾಲ್ಕು ಸೀಟಿಗೆ ಹತ್ತು ಹಿರಿಯರು ಹತ್ತಿದರೆ ಆರು ಮಂದಿ ನಿಲ್ಲಲೇಬೇಕು, ಯಾರೂ ಅವರನ್ನು ಬಾಗಿಲಲ್ಲಿ ತಡೆಯುವುದಿಲ್ಲ. ಈ ಹೋಲಿಕೆ ಒಂದು ಕಡೆ ಕುಂಟುತ್ತದೆ, ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ನಮ್ಮ ಲೈನಿನ ಲೆಕ್ಕ ಹಾಕೋಣ. ನಾವು ಬಳಸುತ್ತಿದ್ದ ಜಿ.711 ಎಂಬ ಕೋಡೆಕ್ ಧ್ವನಿಯನ್ನು ಸೆಕೆಂಡಿಗೆ 64 ಕಿಲೋಬಿಟ್‌ಗಳಾಗಿ ಬದಲಿಸುತ್ತದೆ. 20 ಮಿಲಿಸೆಕೆಂಡಿನ ಮಾತು ಎಂದರೆ 160 ಬೈಟ್. ಇದಕ್ಕೆ ಐಪಿ, ಯುಡಿಪಿ, ಆರ್‌ಟಿಪಿ ತಲೆಬರಹಗಳ 40 ಬೈಟ್ ಸೇರಿ ಒಂದು ಪ್ಯಾಕೆಟ್ 200 ಬೈಟ್ ಆಗುತ್ತದೆ. ಸೆಕೆಂಡಿಗೆ ಇಂಥ 50 ಪ್ಯಾಕೆಟ್, ಅಂದರೆ 80 ಕಿಲೋಬಿಟ್. ಲೈನಿನ ಮಟ್ಟದಲ್ಲಿ ಸೇರುವ ಚಿಲ್ಲರೆ ಬೈಟುಗಳನ್ನು ಇಲ್ಲಿ ಬಿಟ್ಟಿದ್ದೇನೆ. ಎಂಟು ಕರೆಗೆ 640 ಕಿಲೋಬಿಟ್, ಲೈನಿನ ಮೂರನೇ ಒಂದು ಭಾಗಕ್ಕಿಂತ ತುಸು ಕಡಿಮೆ. ಧ್ವನಿಗೆಂದು ನಾನು ಇಷ್ಟನ್ನೇ ಎತ್ತಿಟ್ಟಿದ್ದೆ.

ಈಗ ಮೀಸಲಿನ ದಾರಿ. 1994ರ ಜೂನ್‌ನಲ್ಲಿ ರಾಬರ್ಟ್ ಬ್ರೇಡನ್, ಡೇವಿಡ್ ಕ್ಲಾರ್ಕ್, ಸ್ಕಾಟ್ ಶೆಂಕರ್ ಎಂಬ ಮೂವರು ಆರ್‌ಎಫ್‌ಸಿ 1633 ಎಂಬ ದಸ್ತಾವೇಜನ್ನು ಪ್ರಕಟಿಸಿದರು. ಇಂಟರ್‌ನೆಟ್ ಎಲ್ಲ ಪ್ಯಾಕೆಟ್‌ಗಳನ್ನೂ ಒಂದೇ ಸಮನಾಗಿ, ಆದಷ್ಟು ಮಟ್ಟಿಗೆ ಮಾತ್ರ ಸಾಗಿಸುತ್ತದೆ, ಮಾತು ಮತ್ತು ವಿಡಿಯೋಗೆ ಇದು ಸಾಲದು, ಆದ್ದರಿಂದ ಬೇಕಾದ ಹರಿವಿಗೆ ಜಾಗ ಕಾಯ್ದಿರಿಸೋಣ ಎಂಬುದು ಅವರ ಪ್ರತಿಪಾದನೆ. ಇದಕ್ಕೆ ಇಂಟಿಗ್ರೇಟೆಡ್ ಸರ್ವಿಸಸ್, ಸಂಕ್ಷೇಪದಲ್ಲಿ ಇಂಟ್‌ಸರ್ವ್ ಎಂದು ಹೆಸರು. ಜಾಗ ಕೇಳುವ ಭಾಷೆ ಆರ್‌ಎಸ್‌ವಿಪಿ. ಅದರ ಪ್ರಮಾಣಿತ ರೂಪ 1997ರಲ್ಲಿ ಆರ್‌ಎಫ್‌ಸಿ 2205 ಆಗಿ ಬಂತು.

ಇದರ ಕ್ರಮ ಸೊಗಸಾಗಿದೆ. ಬೆಂಗಳೂರಿನ ಫೋನು ಮೊದಲು "ಪಾತ್" ಎಂಬ ಸಂದೇಶವನ್ನು ಹುಬ್ಬಳ್ಳಿಯತ್ತ ಕಳಿಸುತ್ತದೆ. "ನಾನು ಕಳಿಸುವ ಹರಿವು ಇಷ್ಟು ವೇಗದ್ದು, ಒಮ್ಮೆಲೇ ಉಕ್ಕಿದರೆ ಇಷ್ಟು" ಎಂದು ಅದರಲ್ಲಿ ಬರೆದಿರುತ್ತದೆ. ದಾರಿಯ ಪ್ರತಿ ರೂಟರ್ ಆ ಸಂದೇಶ ಯಾವ ಕಡೆಯಿಂದ ಬಂತೆಂದು ನೆನಪಿಟ್ಟುಕೊಂಡು ಮುಂದೆ ಕಳಿಸುತ್ತದೆ. ಹುಬ್ಬಳ್ಳಿಯ ಫೋನು "ರೆಸ್ವ್" ಎಂಬ ಸಂದೇಶದಿಂದ ಉತ್ತರಿಸುತ್ತದೆ. ಅದು ಪಾತ್ ಬಂದ ದಾರಿಯಲ್ಲೇ, ಅದೇ ರೂಟರ್‌ಗಳ ಮೂಲಕ ಹಿಂದಿರುಗುತ್ತದೆ. ಪ್ರತಿ ರೂಟರ್ ತನ್ನ ಲೆಕ್ಕದ ಪುಸ್ತಕ ತೆರೆದು ನೋಡುತ್ತದೆ: 80 ಕಿಲೋಬಿಟ್ ಉಳಿದಿದೆಯೇ? ಇದ್ದರೆ ಬರೆದುಕೊಂಡು ಹಿಂದಿನವನಿಗೆ ದಾಟಿಸುತ್ತದೆ. ಇಲ್ಲದಿದ್ದರೆ ಜಾಗ ಕೇಳಿದವನಿಗೆ "ಇಲ್ಲ" ಎಂಬ ದೋಷಸಂದೇಶ ಹೋಗುತ್ತದೆ. ಮಾತು ಎರಡೂ ದಿಕ್ಕಿಗೆ ಹರಿಯುವುದರಿಂದ ಇದೆಲ್ಲ ಎರಡು ಸಲ ನಡೆಯಬೇಕು.

ನಮ್ಮ ಲೈನಿನಲ್ಲಿ ಇದು ಇದ್ದಿದ್ದರೆ ಒಂಬತ್ತನೆಯವನು ಫೋನ್ ಎತ್ತಿದಾಗ ರೂಟರ್ ಪುಸ್ತಕ ನೋಡಿ "ಎಂಟಕ್ಕೆ ಮುಗಿಯಿತು" ಎನ್ನುತ್ತಿತ್ತು. ಫೋನಿನಲ್ಲಿ ಎಂಗೇಜ್ ಟೋನ್ ಬರುತ್ತಿತ್ತು. ಮಾತಾಡುತ್ತಿದ್ದ ಎಂಟು ಮಂದಿಗೆ ಏನೂ ಆಗುತ್ತಿರಲಿಲ್ಲ. ಮೀಸಲಿನ ದಾರಿಯ ಶಕ್ತಿಯೆಲ್ಲ ಈ ಒಂದು "ಇಲ್ಲ"ದಲ್ಲಿದೆ.

ಹಾಗಾದರೆ ಈ ದಾರಿ ಯಾಕೆ ಊರೆಲ್ಲ ಹಬ್ಬಲಿಲ್ಲ? ಎರಡು ಊರಿನ ನಡುವಿನ ಲೈನಿಗೆ ಇದು ಆದೀತು. ಆದರೆ ದೊಡ್ಡ ಸೇವಾದಾರರ ನಡುಮನೆಯ ರೂಟರನ್ನು ನೆನೆಯಿರಿ. ಆ ಕಾಲದ ದೊಡ್ಡ ಲೈನು 2.5 ಜಿಗಾಬಿಟ್‌ನದು. ಅದರ ತುಂಬ ಇಂಥ ಕರೆಗಳೇ ಹರಿದರೆ ಒಂದು ದಿಕ್ಕಿನಲ್ಲಿ 31,250 ಹರಿವುಗಳು. ಆರ್‌ಎಸ್‌ವಿಪಿಯ ನೆನಪು ಕಲ್ಲಿನ ಮೇಲಿನ ಬರಹವಲ್ಲ. ಯಾರಾದರೂ ಹೇಳದೆ ಹೊರಟುಹೋದರೆ ಜಾಗ ವ್ಯರ್ಥವಾಗಬಾರದೆಂದು ಪ್ರತಿ ಮೀಸಲನ್ನೂ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ನವೀಕರಿಸಬೇಕು. ಸುಮಾರು ಎರಡೂವರೆ ನಿಮಿಷ ಸುದ್ದಿಯೇ ಇಲ್ಲದಿದ್ದರೆ ರೂಟರ್ ಅದನ್ನು ಅಳಿಸಿಹಾಕುತ್ತದೆ. 31,250 ಹರಿವುಗಳಿಗೆ 30 ಸೆಕೆಂಡಿಗೊಂದು ಸುತ್ತು ಎಂದರೆ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಪಾತ್, ಅಷ್ಟೇ ರೆಸ್ವ್. ಒಂದೇ ಲೈನಿಗೆ, ಒಂದೇ ದಿಕ್ಕಿಗೆ ಇಷ್ಟು. ಇದರ ಮೇಲೆ, ಬರುವ ಪ್ರತಿ ಪ್ಯಾಕೆಟ್ಟಿನ ಎರಡು ವಿಳಾಸ, ಎರಡು ಪೋರ್ಟ್, ಪ್ರೋಟೋಕಾಲ್ ಐದನ್ನೂ ಓದಿ, ಇದು ಯಾರ ಹರಿವು ಎಂದು ಪಟ್ಟಿಯಲ್ಲಿ ಹುಡುಕಿ, ಆ ಹರಿವಿಗೆ ಸಲ್ಲಬೇಕಾದ ಸರದಿಯಲ್ಲಿ ಬಿಡಬೇಕು. ಆರ್‌ಎಸ್‌ವಿಪಿ ಪ್ರಮಾಣಿತವಾದ 1997ರಲ್ಲೇ ಅದರ ಜೊತೆಗೇ ಬಂದ ಆರ್‌ಎಫ್‌ಸಿ 2208, ದೊಡ್ಡ ಬೆನ್ನೆಲುಬಿನ ಜಾಲಗಳಲ್ಲಿ ಇದನ್ನು ಬಳಸುವಾಗ ಎಚ್ಚರ ಬೇಕೆಂದು ಹೇಳಿತ್ತು.

ಇಂದಿನ ಪ್ರೊಸೆಸರಿಗೆ ಸೆಕೆಂಡಿಗೆ ಎರಡು ಸಾವಿರ ಸಂದೇಶ ಯಾವ ಲೆಕ್ಕ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮೆಮೊರಿ ಅಗ್ಗವಾಯಿತು, ಚಿಪ್ಪು ವೇಗವಾಯಿತು, ನವೀಕರಣದ ಹೊರೆ ತಗ್ಗಿಸುವ ವಿಧಾನಗಳೂ ಬಂದವು. ಅಗ್ಗವಾಗದೆ ಉಳಿದದ್ದು ನಂಬಿಕೆ. ಬೆಂಗಳೂರಿನ ನನ್ನ ಫೋನು, ಹೆಸರೂ ಕೇಳಿರದ ಇನ್ನೊಬ್ಬ ಸೇವಾದಾರನ ರೂಟರಿನ ಪುಸ್ತಕದಲ್ಲಿ ಒಂದು ಸಾಲು ಬರೆಯಬೇಕು. ಬರೆಯಲು ಅವನು ಯಾಕೆ ಬಿಡಬೇಕು? ನನ್ನ ಗುರುತಿಗೆ ಯಾರು ಹೊಣೆ? ಹಣ ಯಾರು ಯಾರಿಗೆ ಕೊಡಬೇಕು? ಮೂರು ನಿಮಿಷದ ಒಂದು ಕರೆಗೆ ದಾರಿಯುದ್ದಕ್ಕೂ ಇಷ್ಟೂ ಪ್ರಶ್ನೆಗಳು ಬಗೆಹರಿಯಬೇಕು. ದಾರಿಯಲ್ಲಿ ಒಬ್ಬನು ಒಪ್ಪದಿದ್ದರೂ ಭರವಸೆ ಮುರಿಯಿತು.

ಇನ್ನೊಂದು ದಾರಿ ಹುಟ್ಟಿದ್ದು ಈ ಭಾರವನ್ನು ಕಂಡೇ. 1998ರ ಡಿಸೆಂಬರ್‌ನಲ್ಲಿ ಆರ್‌ಎಫ್‌ಸಿ 2474 ಮತ್ತು 2475 ಒಟ್ಟಿಗೆ ಬಂದವು. ಹೆಸರು ಡಿಫರೆನ್ಶಿಯೇಟೆಡ್ ಸರ್ವಿಸಸ್, ಡಿಫ್‌ಸರ್ವ್. ಐಪಿಯ ತಲೆಬರಹದಲ್ಲಿ 1981ರಿಂದಲೂ "ಸೇವೆಯ ಬಗೆ" ಎಂಬ ಒಂದು ಬೈಟು ಇತ್ತು. ಅದನ್ನು ಎಲ್ಲರೂ ಒಂದೇ ಅರ್ಥದಲ್ಲಿ ಬಳಸುತ್ತಿರಲಿಲ್ಲ. ಡಿಫ್‌ಸರ್ವ್ ಆ ಬೈಟಿನ ಮೊದಲ ಆರು ಬಿಟ್ಟುಗಳನ್ನು ತನ್ನ ಗುರುತಿಗೆ ತೆಗೆದುಕೊಂಡಿತು. ಈ ಗುರುತಿಗೆ ಡಿಎಸ್‌ಸಿಪಿ ಎನ್ನುತ್ತಾರೆ. ಉಳಿದ ಎರಡು ಬಿಟ್ಟುಗಳು 2001ರಲ್ಲಿ ದಟ್ಟಣೆಯ ಮುನ್ಸೂಚನೆಗೆ ಮೀಸಲಾದವು.

ಇದರಲ್ಲಿ ಕೆಲಸದ ಹಂಚಿಕೆ ಸ್ಪಷ್ಟ. ಯೋಚನೆ ಬೇಡುವ ಕೆಲಸವೆಲ್ಲ ಜಾಲದ ಅಂಚಿನಲ್ಲಿ ಆಗಬೇಕು. ಇದು ಯಾರ ಪ್ಯಾಕೆಟ್, ಯಾವ ಬಗೆಯದು, ಒಪ್ಪಂದ ಮಾಡಿಕೊಂಡ ವೇಗದ ಒಳಗಿದೆಯೇ ಎಂದು ಅಂಚಿನ ರೂಟರ್ ನೋಡಿ ಗುರುತು ಹಾಕುತ್ತದೆ, ಮಿತಿ ಮೀರಿದ್ದನ್ನು ತಡೆಯುತ್ತದೆ. ನಡುವಿನ ರೂಟರಿಗೆ ಹರಿವು ಎಂದರೇನೆಂದೇ ಗೊತ್ತಿಲ್ಲ. ಅದು ಆರು ಬಿಟ್ಟು ಓದುತ್ತದೆ, ಆ ಗುರುತಿಗೆ ತಕ್ಕ ಸಾಲಿಗೆ ಪ್ಯಾಕೆಟನ್ನು ಸೇರಿಸುತ್ತದೆ, ಅಷ್ಟೆ. ಕರೆಗಳು 31,250 ಇದ್ದರೂ 3 ಲಕ್ಷ ಇದ್ದರೂ ಅದರ ನೆನಪಿನಲ್ಲಿರುವುದು ಕೆಲವೇ ಸಾಲುಗಳು.

ಗುರುತನ್ನು ಕಂಡಾಗ ಒಂದು ರೂಟರ್ ನಡೆದುಕೊಳ್ಳುವ ರೀತಿಗೆ ಪರ್ ಹಾಪ್ ಬಿಹೇವಿಯರ್ ಎನ್ನುತ್ತಾರೆ. ಹಾಪ್‌ವಾರು ವರ್ತನೆ ಎನ್ನೋಣ. ಈ ಹೆಸರನ್ನು ಗಮನವಿಟ್ಟು ಓದಬೇಕು. ಇದು ಒಂದು ರೂಟರಿನ ವರ್ತನೆ, ಒಂದು ಹೆಜ್ಜೆಯ ಮಾತು. ಈ ತುದಿಯಿಂದ ಆ ತುದಿಯವರೆಗಿನ ಭರವಸೆ ಇದರಲ್ಲಿ ಎಲ್ಲಿಯೂ ಇಲ್ಲ. ಹೆಜ್ಜೆಗಳನ್ನು ಕೂಡಿಸಿ ದಾರಿಯ ಭರವಸೆ ಕಟ್ಟುವುದು ಜಾಲ ಕಟ್ಟುವವನ ಜವಾಬ್ದಾರಿ.

ಮುಖ್ಯ ವರ್ತನೆಗಳು ಮೂರು. ಮೊದಲನೆಯದು ಗುರುತಿಲ್ಲದವರ ಸಾಮಾನ್ಯ ಸಾಲು. ಎರಡನೆಯದು 1999ರಲ್ಲಿ ಆರ್‌ಎಫ್‌ಸಿ 2597 ವಿವರಿಸಿದ ಅಶ್ಯೂರ್ಡ್ ಫಾರ್ವರ್ಡಿಂಗ್, ಅಂದರೆ ಎಎಫ್. ಇದರಲ್ಲಿ ನಾಲ್ಕು ವರ್ಗ, ಪ್ರತಿ ವರ್ಗದಲ್ಲಿ ಮೂರು ದರ್ಜೆ. ಒಪ್ಪಂದದ ವೇಗದೊಳಗೆ ಬಂದ ಪ್ಯಾಕೆಟ್‌ಗೆ ಮೊದಲ ದರ್ಜೆ, ಮೀರಿದ್ದಕ್ಕೆ ಕೆಳಗಿನವು. ದಟ್ಟಣೆ ಹೆಚ್ಚಿದಾಗ ಕೆಳದರ್ಜೆಯವನ್ನು ಮೊದಲು ಬಿಸಾಡುತ್ತಾರೆ. ಮೂರು ದರ್ಜೆಗೆ ಮೂರು ಬೇರೆ ಸಾಲು ಮಾಡಬಾರದೇ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಮಾಡಬಾರದು. ಒಂದೇ ಸಂಪರ್ಕದ ಪ್ಯಾಕೆಟ್‌ಗಳಲ್ಲಿ ಕೆಲವು ಮೊದಲ ದರ್ಜೆ, ಕೆಲವು ಮೂರನೆಯದಾಗಿರಬಹುದು. ಅವು ಬೇರೆ ಸಾಲಿಗೆ ಹೋದರೆ ಕ್ರಮ ತಪ್ಪಿ ತಲುಪುತ್ತವೆ, ಕ್ರಮ ತಪ್ಪಿದರೆ ಟಿಸಿಪಿ ಅದನ್ನು ನಷ್ಟವೆಂದು ತಿಳಿದು ವೇಗ ಇಳಿಸಿಬಿಡುತ್ತದೆ. ಆದ್ದರಿಂದ ಸಾಲು ಒಂದೇ, ಕಳೆಯುವ ಆದ್ಯತೆ ಮಾತ್ರ ಬೇರೆ. ನಮ್ಮ ಲೆಕ್ಕಪತ್ರದ ಸಾಫ್ಟ್‌ವೇರಿಗೆ ನಾನು ಕೊಟ್ಟಿದ್ದು ಇಂಥ ಒಂದು ವರ್ಗ.

ಮೂರನೆಯದು ಎಕ್ಸ್‌ಪೆಡೈಟೆಡ್ ಫಾರ್ವರ್ಡಿಂಗ್, ಇಎಫ್. ಧ್ವನಿಗೆ ಹೇಳಿಮಾಡಿಸಿದ್ದು. ಇದರ ಗುರುತು ಎರಡರ ಲೆಕ್ಕದಲ್ಲಿ 101110, ಹತ್ತರ ಲೆಕ್ಕದಲ್ಲಿ 46. ಇದರ ಈಗಿನ ವ್ಯಾಖ್ಯೆ 2002ರ ಆರ್‌ಎಫ್‌ಸಿ 3246ರಲ್ಲಿದೆ. ಸಾರ ಸರಳ: ಈ ಗುರುತಿನ ಪ್ಯಾಕೆಟ್‌ಗಳಿಗೆ ರೂಟರ್ ಒಂದು ನಿಗದಿತ ವೇಗದ ನಿರ್ಗಮನವನ್ನು, ಬೇರೆ ದಟ್ಟಣೆ ಎಷ್ಟೇ ಇರಲಿ, ಕೊಡಲೇಬೇಕು. ಒಳಬರುವ ವೇಗ ಆ ನಿರ್ಗಮನದ ವೇಗಕ್ಕಿಂತ ಕಡಿಮೆ ಇದ್ದಷ್ಟು ಹೊತ್ತು ಸಾಲು ಬೆಳೆಯುವುದೇ ಇಲ್ಲ. ಈ "ಇದ್ದಷ್ಟು ಹೊತ್ತು" ಎಂಬ ಷರತ್ತನ್ನು ದಯವಿಟ್ಟು ನೆನಪಿಡಿ.

ಗುರುತಿನಿಂದ ಆದ ಲಾಭವನ್ನು ಕಡೆಗಣಿಸಬಾರದು. ನಮ್ಮ 2 ಎಂಬಿಪಿಎಸ್ ಲೈನಿನಲ್ಲಿ 1500 ಬೈಟಿನ ಒಂದು ಬ್ಯಾಕಪ್ ಪ್ಯಾಕೆಟ್ ಹೊರಹೋಗಲು 6 ಮಿಲಿಸೆಕೆಂಡು ಬೇಕು. ಗುರುತಿಲ್ಲದ ಕಾಲದಲ್ಲಿ ಧ್ವನಿಯ ಪ್ಯಾಕೆಟ್ ಅಂಥ 64 ಪ್ಯಾಕೆಟ್‌ಗಳ ಹಿಂದೆ ನಿಂತರೆ ಕಾಯುವಿಕೆ 384 ಮಿಲಿಸೆಕೆಂಡು. ಮಾತಿನ ಒಂದು ದಿಕ್ಕಿನ ಒಟ್ಟು ವಿಳಂಬ 150 ಮಿಲಿಸೆಕೆಂಡಿನೊಳಗಿದ್ದರೆ ಒಳ್ಳೆಯದೆಂದು ಐಟಿಯುನ ಜಿ.114 ಶಿಫಾರಸು ಹೇಳುತ್ತದೆ. ಇಎಫ್ ಗುರುತು ಬಂದ ಮೇಲೆ? ಧ್ವನಿ ಬಂದ ಕ್ಷಣದಲ್ಲಿ ಒಂದು ದೊಡ್ಡ ಪ್ಯಾಕೆಟ್ ಆಗಲೇ ಹೊರಡುತ್ತಿದ್ದರೆ ಅದನ್ನು ಅರ್ಧಕ್ಕೆ ಕತ್ತರಿಸಲಾಗದು, ಹೆಚ್ಚೆಂದರೆ 6 ಮಿಲಿಸೆಕೆಂಡು ಕಾಯಬೇಕು. ಉಳಿದ ಏಳು ಕರೆಗಳ ಪ್ಯಾಕೆಟ್‌ಗಳೂ ಅದೇ ಕ್ಷಣಕ್ಕೆ ಬಂದಿದ್ದರೆ ಒಂದೊಂದಕ್ಕೆ 0.8ರಂತೆ ಇನ್ನು 5.6. ಒಟ್ಟು 11.6 ಮಿಲಿಸೆಕೆಂಡು. 384 ಎಲ್ಲಿ, 11.6 ಎಲ್ಲಿ! ಯಾವ ಮೀಸಲೂ ಇಲ್ಲದೆ, ಒಂದು ಬೈಟಿನ ಆರು ಬಿಟ್ಟಿನಿಂದ ಇದು ಸಾಧ್ಯವಾಯಿತು.

ಹಾಗಾದರೆ ಹನ್ನೊಂದು ಗಂಟೆಗೆ ಮಾತು ಯಾಕೆ ಹರಿದುಹೋಗುತ್ತಿತ್ತು?

ಇಎಫ್ ಸಾಲಿಗೆ ಯಾವಾಗಲೂ ಮೊದಲ ಅವಕಾಶ. ಅದಕ್ಕೆ ಮಿತಿ ಇಡದಿದ್ದರೆ ಧ್ವನಿ ಲೈನನ್ನೇ ನುಂಗಿ ಉಳಿದವರನ್ನು ಉಪವಾಸ ಕೆಡವುತ್ತದೆ. ಆದ್ದರಿಂದ ಅದರ ಬಾಗಿಲಿಗೆ ಪೊಲೀಸರ್ ಎಂಬ ಕಾವಲುಗಾರ ಇರುತ್ತಾನೆ. ನಮ್ಮ ಕಾವಲುಗಾರನಿಗೆ ಕೊಟ್ಟ ಮಿತಿ 640 ಕಿಲೋಬಿಟ್. ಎಂಟು ಕರೆ ಇದ್ದಾಗ ಲೆಕ್ಕ ಸರಿ. ಗೋದಾಮಿನಲ್ಲಿ ಹನ್ನೊಂದರ ಹೊತ್ತಿಗೆ ಆರ್ಡರ್ ಪಡೆಯುವ ಭರಾಟೆ, ಆಗ ಒಂಬತ್ತನೆಯವನು ಫೋನ್ ಎತ್ತುತ್ತಿದ್ದ. ಯಾರೂ ಅವನಿಗೆ "ಇಲ್ಲ" ಎನ್ನಲಿಲ್ಲ. ಅವನ ಪ್ಯಾಕೆಟ್‌ಗಳಿಗೂ 46ರ ಗುರುತೇ ಬಿತ್ತು. ಬಾಗಿಲಿಗೆ 720 ಕಿಲೋಬಿಟ್ ಬಂತು, ಒಳಗೆ ಬಿಡುವುದು 640. ಒಂಬತ್ತರಲ್ಲಿ ಒಂದು ಪ್ಯಾಕೆಟ್, ಶೇಕಡಾ 11, ಬಾಗಿಲಲ್ಲೇ ಕಸದಬುಟ್ಟಿಗೆ. ಶೇಕಡಾ 1ರ ಆಸುಪಾಸಿನ ನಷ್ಟವನ್ನು ಫೋನುಗಳು ಹೇಗೋ ಮುಚ್ಚಿಕೊಳ್ಳುತ್ತವೆ, 11 ಆದರೆ ಮಾತು ಚಿಂದಿ.

ಯಾರ ಮಾತು ಚಿಂದಿ? ಒಂಬತ್ತನೆಯವನದು ಮಾತ್ರವಲ್ಲ. ಕಾವಲುಗಾರನಿಗೆ ಕರೆಗಳು ಕಾಣುವುದಿಲ್ಲ, ಗುರುತು ಮಾತ್ರ ಕಾಣುತ್ತದೆ. ಯಾರು ಮೊದಲು ಬಂದವರು, ಯಾರು ತಡವಾಗಿ ಬಂದವರು ಅವನಿಗೆ ತಿಳಿಯದು. ಫೋನುಗಳ ಗಡಿಯಾರಗಳು ಒಂದಕ್ಕೊಂದು ಕೂದಲೆಳೆಯಷ್ಟು ಬೇರೆ ಓಡುವುದರಿಂದ ಪೆಟ್ಟು ಸ್ವಲ್ಪ ಹೊತ್ತು ಒಬ್ಬರ ಮೇಲೆ ಬಿದ್ದು, ಆಮೇಲೆ ಇನ್ನೊಬ್ಬರಿಗೆ ಸರಿಯುತ್ತಿತ್ತು. ದೂರು ಒಂದು ಟೇಬಲಿನಿಂದ ಇನ್ನೊಂದಕ್ಕೆ ಅಲೆಯುತ್ತಿದ್ದುದು ಇದಕ್ಕೇ. ಬಸ್ಸಿನ ಹೋಲಿಕೆ ಕುಂಟುವುದು ಇಲ್ಲಿ. ಬಸ್ಸಿನಲ್ಲಿ ತಡವಾಗಿ ಹತ್ತಿದ ಹಿರಿಯರು ನಿಲ್ಲುತ್ತಾರೆ, ಕೂತವರು ಕೂತೇ ಇರುತ್ತಾರೆ. ಗುರುತಿನ ಜಾಲದಲ್ಲಿ ಹೆಚ್ಚಿಗೆ ಬಂದ ಒಬ್ಬನಿಂದ ಕೂತವರೂ ಸರದಿಯಂತೆ ಸೀಟು ಬಿಟ್ಟು ಏಳಬೇಕಾಗುತ್ತದೆ.

ಬ್ಯಾಕಪ್ ನಿಲ್ಲಿಸಿದರೆ ಸರಿಹೋಗುತ್ತಿತ್ತಲ್ಲ? ನನ್ನನ್ನು ಎರಡು ವಾರ ದಾರಿ ತಪ್ಪಿಸಿದ್ದು ಅದೇ. ನಮ್ಮ ರೂಟರಿನ ಆದ್ಯತೆಯ ಸಾಲಿಗೆ ಹಾಕಿದ್ದ ಕಾವಲುಗಾರ ದಟ್ಟಣೆ ಇದ್ದಾಗ ಮಾತ್ರ ಎಚ್ಚರವಾಗುವ ಬಗೆಯವನು. ಲೈನು ಖಾಲಿ ಇದ್ದರೆ ಹತ್ತು ಕರೆ ಬಂದರೂ ಬಿಡುತ್ತಾನೆ. ಸಂಜೆ ಒಂಬತ್ತು ಕರೆ ನಡೆದರೂ ತೊಂದರೆ ಕಾಣದಿದ್ದುದು ಇದರಿಂದ. ಬ್ಯಾಕಪ್ ಲೈನನ್ನು ತುಂಬಿದಾಗ ಕಾವಲು ಎಚ್ಚರವಾಗುತ್ತಿತ್ತು. ಬ್ಯಾಕಪ್ ಧ್ವನಿಯ ದಾರಿಗೆ ಅಡ್ಡ ಬರಲೇ ಇಲ್ಲ, ಕಾವಲುಗಾರನ ನಿದ್ದೆ ಕೆಡಿಸಿತು ಅಷ್ಟೆ. ಇದನ್ನು ಹಿಡಿದದ್ದು ಹೇಗೆಂದರೆ, ರೂಟರಿನ ಎಣಿಕೆಗಳಲ್ಲಿ ಸಾಲುವಾರು ನಷ್ಟವನ್ನು ನೋಡಿ. ಸಾಮಾನ್ಯ ಸಾಲಿನಲ್ಲಿ ನಷ್ಟ ಏರುವುದು ಸಹಜ. ಇಎಫ್ ಸಾಲಿನಲ್ಲಿ ಒಂದೂ ಇರಬಾರದು. ಅಲ್ಲಿನ ಎಣಿಕೆ ಏರುತ್ತಿದ್ದ ಹೊತ್ತನ್ನು ಫೋನ್ ಸರ್ವರಿನ ಕರೆಪಟ್ಟಿಯ ಪಕ್ಕ ಇಟ್ಟು ನೋಡಿದೆ. ಪ್ರತಿ ಸಲವೂ ಕರೆಗಳು ಎಂಟು ದಾಟಿದ್ದವು.

ಗುರುತಿಗೆ ಇನ್ನೊಂದು ಅಪಾಯವಿದೆ, ಅದನ್ನೂ ಹೇಳಬೇಕು. ಮೀಸಲು ಸಿಕ್ಕದಿದ್ದರೆ ಸುದ್ದಿ ಬರುತ್ತದೆ. ಗುರುತು ದಾರಿಯಲ್ಲಿ ಅಳಿಸಿಹೋದರೆ ಯಾರೂ ಹೇಳುವುದಿಲ್ಲ. ಸ್ವಂತ ಲೀಸ್ಡ್ ಲೈನ್ ಬಿಟ್ಟು ಸಾರ್ವಜನಿಕ ಇಂಟರ್‌ನೆಟ್ಟಿಗೆ ಹೋದರೆ, ಅಪರಿಚಿತರ ಗುರುತನ್ನು ನಂಬಬಾರದೆಂದು ಎಷ್ಟೋ ಸೇವಾದಾರರು ಬೈಟನ್ನು ಸೊನ್ನೆ ಮಾಡುತ್ತಾರೆ. ಅವರದು ತಪ್ಪಲ್ಲ, ಎಲ್ಲರೂ ತಮ್ಮ ಪ್ಯಾಕೆಟ್‌ಗೆ 46 ಬರೆದುಕೊಂಡರೆ 46ಕ್ಕೆ ಬೆಲೆಯೇ ಇರದು. ಕೆಲವು ಉಪಕರಣಗಳು ಹಳೆಯ ನಿಯಮದಂತೆ ಮೊದಲ ಮೂರು ಬಿಟ್ಟನ್ನಷ್ಟೇ ಅಳಿಸುತ್ತವೆ. ಆಗ 101110 ಹೋಗಿ 000110 ಆಗುತ್ತದೆ, 46 ಇದ್ದದ್ದು 6. ಆ ತುದಿಯಲ್ಲಿ ಬರುವ ಪ್ಯಾಕೆಟ್‌ಗಳನ್ನು ಹೀಗೆ ನೋಡಬಹುದು:

```
tcpdump -n -v udp
```

ಪ್ರತಿ ಪ್ಯಾಕೆಟ್ಟಿನ ಸಾಲಿನಲ್ಲಿ `tos` ಎಂಬಲ್ಲಿ ಇಡೀ ಬೈಟು ಕಾಣುತ್ತದೆ. `0xb8` ಇದ್ದರೆ ಗುರುತು ಉಳಿದಿದೆ, ಏಕೆಂದರೆ 46ನ್ನು ಎರಡು ಬಿಟ್ಟು ಎಡಕ್ಕೆ ಸರಿಸಿದರೆ 184. `0x0` ಇದ್ದರೆ ಪೂರ್ತಿ ಅಳಿಸಿದ್ದಾರೆ. `0x18` ಕಂಡರೆ ಆ ಹಳೆಯ ನಿಯಮದ ಕೈವಾಡ. ಎರಡೂ ತುದಿಯಲ್ಲಿ ನೋಡಬೇಕು. ಹೋಗುವ ದಾರಿಯ ಗುರುತು ಉಳಿದಿದ್ದರೆ ಬರುವ ದಾರಿಯದೂ ಉಳಿದಿದೆ ಎಂದೇನಿಲ್ಲ.

ಗುರುತಿನಿಂದಲೇ ದೇಶದುದ್ದಕ್ಕೂ ಭರವಸೆಯ ಸೇವೆ ಕಟ್ಟುವ ಪ್ರಯತ್ನ ನಡೆಯಲಿಲ್ಲವೆಂದಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳ ಇಂಟರ್‌ನೆಟ್2 ಕೂಟ ಕ್ಯೂಬೋನ್ ಎಂಬ ಹೆಸರಿನಲ್ಲಿ ಇಎಫ್ ಆಧಾರದ ಪ್ರೀಮಿಯಂ ಸೇವೆ ಕಟ್ಟಲು ಹೊರಟಿತ್ತು. 2002ರಲ್ಲಿ ಅದರ ಬೆನ್ಜಮಿನ್ ಟೈಟಲ್‌ಬಾಮ್ ಮತ್ತು ಸ್ಟಾನಿಸ್ಲಾವ್ ಶಲುನೋವ್, ಈ ಸೇವೆ ಯಾಕೆ ಜಾರಿಗೆ ಬರಲಿಲ್ಲ, ಬಹುಶಃ ಮುಂದೂ ಯಾಕೆ ಬರಲಾರದು ಎಂದು ಒಂದು ಬರಹವನ್ನೇ ಬರೆದರು. ನನಗೆ ಕಾಣುವ ತಿರುಳು ಇದು: ಲೈನು ಖಾಲಿ ಇರುವವರೆಗೆ ಗುರುತಿಗೂ ಗುರುತಿಲ್ಲದ್ದಕ್ಕೂ ವ್ಯತ್ಯಾಸ ಕಾಣುವುದಿಲ್ಲ. 10 ಜಿಗಾಬಿಟ್ ಲೈನಿನಲ್ಲಿ 1500 ಬೈಟಿನ ಪ್ಯಾಕೆಟ್ ಹೊರಹೋಗಲು 1.2 ಮೈಕ್ರೋಸೆಕೆಂಡು ಸಾಕು. ಅಲ್ಲಿ ಯಾರ ಹಿಂದೆ ನಿಂತರೇನು? ಕಾಣದ ಲಾಭಕ್ಕಾಗಿ ಎಲ್ಲ ಸೇವಾದಾರರೂ ಒಪ್ಪಂದ, ಕಾವಲು, ಲೆಕ್ಕ ಇಟ್ಟುಕೊಳ್ಳಬೇಕೆಂದರೆ ಯಾರು ಮುಂದೆ ಬಂದಾರು? ಇನ್ನೊಂದು ಲೈನು ಎಳೆಯುವುದೇ ಅಗ್ಗ.

ಹಾಗೆಂದು ಮೀಸಲು ಸತ್ತಿತೆನ್ನಬೇಡಿ. ಆರ್‌ಎಸ್‌ವಿಪಿ 2001ರಲ್ಲಿ ಹೊಸ ರೂಪ ತಾಳಿ, ಒಂದೊಂದು ಕರೆಗೆ ಬದಲು ದೊಡ್ಡ ದೊಡ್ಡ ಕೊಳವೆಗಳಿಗೆ ದಾರಿ ಕಾಯ್ದಿರಿಸುವ ಕೆಲಸಕ್ಕೆ ಸೇರಿತು. 2000ದಲ್ಲೇ ಬಂದ ಆರ್‌ಎಫ್‌ಸಿ 2998, ಅಂಚಿನಲ್ಲಿ ಮೀಸಲು, ನಡುವೆ ಗುರುತು ಎಂದು ಎರಡನ್ನೂ ಹೊಂದಿಸುವ ನಕ್ಷೆ ಕೊಟ್ಟಿತು. ಅದೇ ಹಂಚಿಕೆ ಇಂದು ನಿಮ್ಮ ಜೇಬಿನಲ್ಲಿದೆ. 4ಜಿ ಫೋನಿನಿಂದ ವೋಲ್ಟೆ ಕರೆ ಮಾಡಿದಾಗ ನಿಮ್ಮ ಫೋನಿಗೂ ಟವರಿಗೂ ನಡುವೆ ಆ ಒಂದು ಕರೆಗೆಂದೇ ಪ್ರತ್ಯೇಕ ಬೇರರ್ ಏರ್ಪಡುತ್ತದೆ. ಅದರ ವರ್ಗದ ಹೆಸರು ಕ್ಯೂಸಿಐ 1. ಅದಕ್ಕೆ ಖಾತರಿಯ ವೇಗ ಉಂಟು, ವಿಳಂಬದ ಮಿತಿ 100 ಮಿಲಿಸೆಕೆಂಡು. ಗಾಳಿಯಲ್ಲಿ ಜಾಗ ಇಲ್ಲದಿದ್ದರೆ ಟವರ್ "ಇಲ್ಲ" ಎನ್ನಬಲ್ಲದು. ಇದು ಅಪ್ಪಟ ಹರಿವುವಾರು ಮೀಸಲು. ಟವರಿನಿಂದ ಆಚೆಗೆ, ಕಂಪನಿಯ ಫೈಬರಿನ ಮೇಲೆ, ಅದೇ ಮಾತು ಡಿಎಸ್‌ಸಿಪಿ ಗುರುತು ಹೊತ್ತು ಸಾಗುತ್ತದೆ. ಅಲ್ಲಿನ ರೂಟರಿಗೆ ನಿಮ್ಮ ಕರೆಯ ಅರಿವಿಲ್ಲ. ಜಾಗ ಕಿರಿದಾಗಿ, ಒಡೆಯ ಒಬ್ಬನೇ ಇರುವಲ್ಲಿ ಮೀಸಲು, ಜಾಗ ವಿಶಾಲವಾಗಿ ಹರಿವುಗಳು ಲಕ್ಷವಿರುವಲ್ಲಿ ಗುರುತು. ಎರಡು ದಾರಿಗಳ ಜಗಳ ಹೀಗೆ ಬಗೆಹರಿಯಿತು.

ಕೊನೆಯದಾಗಿ ನನ್ನ ತೀರ್ಮಾನ. ಎರಡು ದಾರಿಗಳಲ್ಲಿ ಯಾವುದು ಮೇಲು ಎಂದು ಕೇಳುವುದಕ್ಕಿಂತ, "ಇಲ್ಲ" ಎನ್ನುವವರು ಯಾರು, ಎಲ್ಲಿ ನಿಂತು ಎನ್ನುತ್ತಾರೆ ಎಂದು ಕೇಳಿ. ಮೀಸಲಿನಲ್ಲಿ ಪ್ರತಿ ರೂಟರೂ ಅದನ್ನು ಹೇಳುತ್ತದೆ, ಆ ಕೆಲಸದ ಭಾರಕ್ಕೇ ಅದು ಬಳಲಿತು. ಗುರುತು ಆ ಕೆಲಸವನ್ನು ನಡುವಿನಿಂದ ತೆಗೆದು ಅಂಚಿಗೆ ಸರಿಸಿತು, ಆದರೆ ಅಂಚಿನಲ್ಲಿ ಯಾರನ್ನೂ ನೇಮಿಸಲಿಲ್ಲ. ನೇಮಿಸುವುದು ನಮ್ಮ ಪಾಲಿಗೆ ಬಿಟ್ಟ ಕೆಲಸ. ನಾನು ಗುರುತು ಹಾಕಿ ಕೆಲಸ ಮುಗಿಯಿತೆಂದುಕೊಂಡಿದ್ದೆ. ಎಣಿಸುವವನಿಲ್ಲದ ಆದ್ಯತೆ ಎಲ್ಲರಿಗೂ ಸಮನಾಗಿ ಹಂಚಿದ ತೊಂದರೆ ಎಂದು ಒಂಬತ್ತನೆಯ ಕರೆ ನನಗೆ ಕಲಿಸಿತು.

ನಮ್ಮಲ್ಲಿ ಪರಿಹಾರಕ್ಕೆ ರೂಟರನ್ನು ಮುಟ್ಟಬೇಕಾಗಲಿಲ್ಲ. ಬೆಂಗಳೂರು ಹುಬ್ಬಳ್ಳಿ ನಡುವೆ ಒಮ್ಮೆಗೆ ಎಂಟೇ ಕರೆ ಎಂದು ಫೋನ್ ಸರ್ವರಿನಲ್ಲಿ ಒಂದು ಅಂಕೆ ಬರೆದೆವು. ವಾರ ಬಿಟ್ಟು ಮ್ಯಾನೇಜರ್ ಫೋನ್ ಮಾಡಿದರು. "ಒಮ್ಮೊಮ್ಮೆ ಎಂಗೇಜ್ ಬರ್ತೈತ್ರೀ ಸರ್. ಆದ್ರ ಹತ್ತಿದ್ರ ಮಾತು ಸ್ವಚ್ಛ ಕೇಳ್ತಾವು."